ಎಂಎಪಿ ಲೆಕ್ಕ ನಾನು ಬಿಡಿಸುವ ರೀತಿ: ಕಾಲು ಕೆಜಿ ಹುರುಳಿಕಾಯಿ, ಒಂದು ಎಲ್‌ಡಿಪಿಇ ಚೀಲ

ಮೈಸೂರಿನಲ್ಲಿ ಫುಡ್ ಟೆಕ್ನಾಲಜಿ ಓದುವಾಗ ಪ್ಯಾಕೇಜಿಂಗ್ ಪೇಪರ್‌ನಲ್ಲಿ ನನಗೆ ಇಷ್ಟವಾಗಿದ್ದು ಪ್ಯಾಕ್ ಒಳಗಿನ ಗಾಳಿಯ ಮಿಶ್ರಣ ಬದಲಿಸಿ ಆಹಾರ ಕಾಪಾಡುವ ಮಾಡಿಫೈಡ್ ಅಟ್ಮಾಸ್ಫಿಯರ್ ಪ್ಯಾಕೇಜಿಂಗ್, ಅಂದ್ರೆ ಎಂಎಪಿ ಪ್ರಶ್ನೆ. ಈಗಲೂ ಸಂಜೆ ಹೊತ್ತು ಜೂನಿಯರ್‌ಗಳು ಬಂದು ಕೇಳುವುದು ಇದನ್ನೇ. ಎಲ್ಲರೂ ಗ್ಯಾಸ್ ಮಿಶ್ರಣದ ಪಟ್ಟಿ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಕೆಂಪು ಮಾಂಸಕ್ಕೆ ಆಕ್ಸಿಜನ್ ಶೇ. 70–80, ಚಿಪ್ಸ್‌ಗೆ ಬರೀ ನೈಟ್ರೋಜನ್, ಹೀಗೆ. ಪಟ್ಟಿ ಬೇಕು, ಇಲ್ಲ ಅನ್ನಲ್ಲ. ಆದರೆ ಅಂಕ ಜಾಸ್ತಿ ಇರುವ ಲೆಕ್ಕಕ್ಕೆ ಅದು ಸಾಲದು.

ಪ್ರಶ್ನೆ ಓದಿದ ತಕ್ಷಣ ನಾನು ನೋಡುವುದು ಒಂದೇ: ಒಳಗಿರುವ ವಸ್ತು ಉಸಿರಾಡುತ್ತದೋ ಇಲ್ಲವೋ. ಚಿಪ್ಸ್, ಮಾಂಸ, ಪನೀರ್ ಆದರೆ ತುಂಬಿದ ಗ್ಯಾಸ್ ಒಳಗೇ ಉಳಿಯಬೇಕು, ಹಾಗಾಗಿ ತಡೆಯುವ ಫಿಲ್ಮ್ ಬೇಕು. ಅಲ್ಲಿ ಲ್ಯಾಮಿನೇಟ್ ಲೆಕ್ಕ ಬರುತ್ತದೆ. ಓಟಿಆರ್ ಅಂದ್ರೆ ಫಿಲ್ಮ್ ಮೂಲಕ ಆಕ್ಸಿಜನ್ ದಾಟುವ ವೇಗ. ಪದರಗಳ ಓಟಿಆರ್ ಅನ್ನು ನೇರವಾಗಿ ಕೂಡುವಂತಿಲ್ಲ, 1/ಓಟಿಆರ್ ಕೂಡಬೇಕು. ಪಾಲಿಯೆಸ್ಟರ್ ಪದರದ್ದು 100, ಎಲ್‌ಡಿಪಿಇ ಪದರದ್ದು 4000 ಎಂದು ಕೊಟ್ಟಿದ್ದರೆ ಒಟ್ಟು ಸುಮಾರು 97.6 ಬರುತ್ತದೆ. ಆಕ್ಸಿಜನ್ ತಡೆಯುವ ಕೆಲಸ ಹೆಚ್ಚುಕಮ್ಮಿ ಪೂರ್ತಿ ಪಾಲಿಯೆಸ್ಟರ್‌ದೇ. ಎಲ್‌ಡಿಪಿಇ ಅಲ್ಲಿರುವುದು ಮುಖ್ಯವಾಗಿ ಸೀಲ್ ಮಾಡಲಿಕ್ಕೆ.

ತರಕಾರಿ ಆದರೆ ಕಥೆ ಉಲ್ಟಾ. ಕಿತ್ತ ಮೇಲೂ ಅದು ಆಕ್ಸಿಜನ್ ತಗೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಅದನ್ನು ಆಕ್ಸಿಜನ್ ಬಲವಾಗಿ ತಡೆಯುವ ಇವಿಒಎಚ್ ಪದರ ಇರುವ ಲ್ಯಾಮಿನೇಟ್‌ನಲ್ಲಿ ಹಾಕಿ ಮುಚ್ಚಿದರೆ ಉಸಿರುಗಟ್ಟುತ್ತದೆ. ಇಲ್ಲಿ ಬೇಕಾಗಿರುವುದು ಲೆಕ್ಕ ಹಾಕಿ ಸೋರುವ ಫಿಲ್ಮ್.

ನಾನು ಹೇಳಿಕೊಡುವಾಗ ಬಳಸುವ ಪ್ರಶ್ನೆ ಇದು. ಕಾಲು ಕೆಜಿ ಹುರುಳಿಕಾಯಿ, 20 × 25 ಸೆಂ.ಮೀ. ಚೀಲ, 8 ಡಿಗ್ರಿಯ ಕೋಲ್ಡ್ ರೂಮ್. ಉಸಿರಾಟದ ವೇಗ ಕೆಜಿಗೆ ಗಂಟೆಗೆ 10 ಮಿ.ಲೀ. ಆಕ್ಸಿಜನ್. ಒಳಗೆ ಆಕ್ಸಿಜನ್ ಶೇ. 3ಕ್ಕೆ ನಿಲ್ಲಬೇಕು. 25 ಮೈಕ್ರಾನ್ ಎಲ್‌ಡಿಪಿಇ ಈ ತಾಪಮಾನದಲ್ಲಿ ಒಂದು ಚದರ ಮೀಟರ್‌ಗೆ, ದಿನಕ್ಕೆ, ಒಂದು ಅಟ್ಮಾಸ್ಫಿಯರ್ ವ್ಯತ್ಯಾಸಕ್ಕೆ 4000 ಮಿ.ಲೀ. ಆಕ್ಸಿಜನ್ ಬಿಡುತ್ತದೆ. ಫಿಲ್ಮ್ ಎಷ್ಟು ದಪ್ಪ ಇರಬೇಕು?

ಸೂತ್ರ ನೆನಪಿಲ್ಲದಿದ್ದರೂ ಪರವಾಗಿಲ್ಲ. ಕಾಯಿ ತಿನ್ನುವಷ್ಟೇ ಆಕ್ಸಿಜನ್ ಫಿಲ್ಮ್ ದಾಟಿ ಒಳಗೆ ಬರಬೇಕು, ಅಷ್ಟೇ.

```
ಬಳಕೆ  = 0.25 × 10 × 24 = 60 ಮಿ.ಲೀ./ದಿನ
ಒಳಹರಿವು = ಓಟಿಆರ್ × 0.1 × (0.21 − 0.03)
ಓಟಿಆರ್ = 60 / 0.018 ≈ 3333
ದಪ್ಪ   = 25 × 4000 / 3333 ≈ 30 ಮೈಕ್ರಾನ್
```

ಇದರಲ್ಲಿ ಕೈ ತಪ್ಪುವ ಜಾಗ ಎರಡು. ಚೀಲಕ್ಕೆ ಎರಡು ಮೈ ಇದೆ, ಹಾಗಾಗಿ ವಿಸ್ತೀರ್ಣ 0.05 ಅಲ್ಲ, 0.1 ಚದರ ಮೀಟರ್. ಇನ್ನೊಂದು, ಉಸಿರಾಟ ಗಂಟೆಯ ಲೆಕ್ಕದಲ್ಲಿ ಇರುತ್ತದೆ, ಫಿಲ್ಮ್ ದಿನದ ಲೆಕ್ಕದಲ್ಲಿ ಇರುತ್ತದೆ, 24 ಮರೆತರೆ ಉತ್ತರ ಎಲ್ಲೋ ಹೋಗುತ್ತದೆ. ಕೆಲವು ಪೇಪರ್‌ನಲ್ಲಿ ಉಸಿರಾಟವನ್ನು ಮಿಲಿಗ್ರಾಂ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಕೊಡುತ್ತಾರೆ, ಆಗ ಈ ತಾಪಮಾನದಲ್ಲಿ ಸುಮಾರು 1.9ರಿಂದ ಭಾಗಿಸಿದರೆ ಮಿ.ಲೀ. ಸಿಗುತ್ತದೆ.

ಇನ್ನು ಮುಂದಿನ ಭಾಗ. ಕಾರ್ಬನ್ ಡೈಆಕ್ಸೈಡ್ ಎಷ್ಟಕ್ಕೆ ನಿಲ್ಲುತ್ತದೆ? ಇಲ್ಲಿ ಬಹಳ ಜನ ಮತ್ತೆ ಮೊದಲಿಂದ ಲೆಕ್ಕ ಶುರು ಮಾಡುತ್ತಾರೆ. ಬೇಕಾಗಿಲ್ಲ. ಎಲ್‌ಡಿಪಿಇ ಆಕ್ಸಿಜನ್‌ಗಿಂತ ಕಾರ್ಬನ್ ಡೈಆಕ್ಸೈಡ್ ಅನ್ನು ಹಲವು ಪಟ್ಟು ಸಲೀಸಾಗಿ ಬಿಡುತ್ತದೆ, ಆ ಅನುಪಾತವೇ ಬೀಟಾ. ಅದು 4 ಎಂದು ಕೊಟ್ಟಿದ್ದಾರೆ ಎಂದುಕೊಳ್ಳಿ. ತಗೊಂಡಷ್ಟೇ ಬಿಡುವ ಕಾಯಿಗೆ, ಅಂದ್ರೆ ಆರ್‌ಕ್ಯೂ 1 ಇದ್ದಾಗ, ಆಕ್ಸಿಜನ್ ಎಷ್ಟು ಕಮ್ಮಿಯಾಗಿದೆಯೋ ಅದನ್ನು ಬೀಟಾದಿಂದ ಭಾಗಿಸಿ. 21ರಿಂದ 3ಕ್ಕೆ ಬಂದರೆ ಇಳಿದಿದ್ದು 18. 18 ಭಾಗಿಸು 4, ಶೇ. 4.5. ಹುರುಳಿಕಾಯಿಗೆ ಶೇ. 4–7 ಒಳ್ಳೆಯದು ಎನ್ನುತ್ತಾರೆ, ಸರಿಹೋಯಿತು. ತೂಕ, ವಿಸ್ತೀರ್ಣ, ದಪ್ಪ ಯಾವುದೂ ಈ ಲೆಕ್ಕದಲ್ಲಿ ಇಲ್ಲ, ಗಮನಿಸಿದ್ರಾ?

ಇದನ್ನು ಹಿಡಿದುಕೊಂಡರೆ ಪೇಪರ್‌ನ ಒಂದು ಕಿಲಾಡಿ ಪ್ರಶ್ನೆಯೂ ಬಿಚ್ಚಿಕೊಳ್ಳುತ್ತದೆ. ಸ್ಟ್ರಾಬೆರಿಗೆ ಆಕ್ಸಿಜನ್ ಶೇ. 5, ಕಾರ್ಬನ್ ಡೈಆಕ್ಸೈಡ್ ಶೇ. 15 ಬೇಕು, ಎಲ್‌ಡಿಪಿಇ ದಪ್ಪ ಬದಲಾಯಿಸಿ ಇದನ್ನು ಸಾಧಿಸಬಹುದೇ? ಇಳಿದಿದ್ದು 16, ಬೇಕಿರುವುದು 15, ಅಂದರೆ ಬೀಟಾ ಸುಮಾರು 1.07 ಇರಬೇಕು. ದಪ್ಪ ಎಷ್ಟೇ ಬದಲಿಸಿ, ಆಕ್ಸಿಜನ್ ಶೇ. 5ರಲ್ಲಿ ನಿಂತಾಗ ಬೀಟಾ 4 ಇರುವ ಫಿಲ್ಮ್‌ನಲ್ಲಿ ಶೇ. 4 ದಾಟಲ್ಲ. ಸಣ್ಣ ಸಣ್ಣ ತೂತು ಇರುವ ಮೈಕ್ರೋಪರ್ಫೊರೇಟೆಡ್ ಫಿಲ್ಮ್‌ನಲ್ಲಿ ಗ್ಯಾಸ್ ಗಾಳಿಯಲ್ಲಿ ಹರಡುವ ಹಾಗೆಯೇ ದಾಟುತ್ತದೆ, ಅಲ್ಲಿ ಬೀಟಾ 0.8ರ ಹತ್ತಿರ. ಅದರಲ್ಲಿ 16 ಭಾಗಿಸು 0.8, ಶೇ. 20. ನಮಗೆ ಬೇಕಾದ 15 ಇವೆರಡರ ನಡುವೆ ಇದೆ, ಆದರೆ ತೂತಿನ ಕಡೆಗೇ ಜಾಸ್ತಿ ಹತ್ತಿರ. ಆದ್ದರಿಂದ ಉತ್ತರ: ಸಾದಾ ಫಿಲ್ಮ್ ಆಗಲ್ಲ, ತೂತಿನ ಫಿಲ್ಮ್ ಬೇಕು.

ಮಷಿನ್‌ನಲ್ಲಿ ಗ್ಯಾಸ್ ತುಂಬಿಬಿಟ್ಟರೆ ಆಯ್ತಲ್ವಾ ಸಾರ್ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಹುರುಳಿಕಾಯಿ ಚೀಲದಲ್ಲಿ ಅರ್ಧ ಲೀಟರ್ ಖಾಲಿ ಜಾಗ ಇದ್ದರೆ ಶೇ. 21ರಿಂದ 3ಕ್ಕೆ ಇಳಿಯಲು 90 ಮಿ.ಲೀ. ಆಕ್ಸಿಜನ್ ಖರ್ಚಾಗಬೇಕು. ದಿನಕ್ಕೆ 60 ಮಿ.ಲೀ. ಲೆಕ್ಕದಲ್ಲಿ, ಹೊರಗಿಂದ ಏನೂ ಬರದಿದ್ದರೂ ಒಂದೂವರೆ ದಿನ, ಬರುತ್ತಿರುವುದರಿಂದ ಇನ್ನೂ ಜಾಸ್ತಿ. ಗ್ಯಾಸ್ ತುಂಬಿದರೆ ಈ ಕಾಯುವ ಕಾಲ ಉಳಿಯುತ್ತದೆ. ಕೊನೆಗೆ ಹೋಗಿ ನಿಲ್ಲುವುದು ಮಾತ್ರ ಅದೇ 3 ಮತ್ತು 4.5ಕ್ಕೆ, ಯಾಕೆಂದರೆ ಅದನ್ನು ನಿರ್ಧರಿಸುವುದು ಕಾಯಿ ಮತ್ತು ಫಿಲ್ಮ್.

ಇನ್ನು ತಾಪಮಾನ. ಬರೀ ಬರೆದು ತೋರಿಸಿದರೆ ಇದು ಯಾರ ತಲೆಗೂ ಹೋಗಲ್ಲ. ಅದಕ್ಕೇ ಬಂಡಿಪಾಳ್ಯದ ಎಪಿಎಂಸಿಯಿಂದ ಕಾಯಿ ತರಿಸಿ, ಒಂದೇ ಫಿಲ್ಮ್‌ನ ಎರಡು ಚೀಲ ಸೀಲ್ ಮಾಡಿ, ಒಂದನ್ನು ಫ್ರಿಜ್‌ನಲ್ಲಿಟ್ಟು ಇನ್ನೊಂದನ್ನು ಮೇಜಿನ ಮೇಲೇ ಬಿಡುತ್ತೇನೆ. ಮೇಜಿನ ಮೇಲಿದ್ದರ ಒಳಗೆ ನೀರು ಹನಿಗಟ್ಟುತ್ತದೆ, ಕಾಯಿ ಬಣ್ಣ ಮಂಕಾಗುತ್ತದೆ, ಬಿಚ್ಚಿದರೆ ಹುಳಿ ಹುಳಿ ಹೆಂಡದ ವಾಸನೆ. ಆಮೇಲೆ ಲೆಕ್ಕ. 8ರಿಂದ 28 ಡಿಗ್ರಿಗೆ ಹೋದಾಗ, ಪ್ರತಿ 10 ಡಿಗ್ರಿಗೆ ಉಸಿರಾಟ 2.5 ಪಟ್ಟು ಏರುತ್ತದೆ ಎಂದರೆ 60 ಇದ್ದದ್ದು 375 ಮಿ.ಲೀ. ಆಗುತ್ತದೆ. ಫಿಲ್ಮ್ ಪ್ರತಿ 10 ಡಿಗ್ರಿಗೆ 1.6 ಪಟ್ಟು ಏರುತ್ತದೆ ಎಂದರೆ ಅದರ ಓಟಿಆರ್ 8500ರ ಹತ್ತಿರ. ಒಳಗೆ ಆಕ್ಸಿಜನ್ ಪೂರ್ತಿ ಸೊನ್ನೆಯಾದರೂ ಈ ಫಿಲ್ಮ್ ದಿನಕ್ಕೆ ತರಬಲ್ಲದ್ದು 0.21 × 0.1 × 8500, ಅಂದರೆ 180 ಮಿ.ಲೀ. ಒಳಗೆ ಮಾತ್ರ. ಬೇಕಾದ್ದರ ಅರ್ಧವೂ ಇಲ್ಲ. ಆಕ್ಸಿಜನ್ ಕಮ್ಮಿಯಾದಂತೆ ಉಸಿರಾಟವೂ ನಿಧಾನವಾಗುತ್ತದೆ ನಿಜ, ಆದರೆ ಆ ಹೊತ್ತಿಗೆ ಕಾಯಿ ಹುದುಗಲು ಶುರುವಾಗಿರುತ್ತದೆ. ಆಗ ತಗೊಳ್ಳುವುದಕ್ಕಿಂತ ಬಿಡುವುದೇ ಜಾಸ್ತಿ, ಆರ್‌ಕ್ಯೂ 1 ದಾಟುತ್ತದೆ.

ತೂತಿನ ಫಿಲ್ಮ್ ಇದಕ್ಕೆ ಮದ್ದು ಎಂದು ಬರೆಯಬೇಡಿ. ತೂತಿನ ಮೂಲಕ ಗ್ಯಾಸ್ ಹೋಗುವ ವೇಗ ತಾಪಮಾನಕ್ಕೆ ಹೆಚ್ಚು ಬದಲಾಗುವುದೇ ಇಲ್ಲ, ಹಾಗಾಗಿ ಬಿಸಿಲಲ್ಲಿ ಅದರ ಪರಿಸ್ಥಿತಿ ಇನ್ನೂ ಕೆಟ್ಟದು. ಸಾಗಾಟದಲ್ಲಿ ಕೋಲ್ಡ್ ಚೈನ್ ತಪ್ಪಬಹುದು ಎಂದು ಪ್ರಶ್ನೆಯಲ್ಲಿದ್ದರೆ ನಾನು ಅತಿ ಹೆಚ್ಚಿನ ತಾಪಮಾನಕ್ಕೇ ಓಟಿಆರ್ ಲೆಕ್ಕ ಹಾಕುತ್ತೇನೆ. ಆಗ 8 ಡಿಗ್ರಿಯಲ್ಲಿ ಆಕ್ಸಿಜನ್ ಶೇ. 3ಕ್ಕೆ ಇಳಿಯಲ್ಲ, ಎಂಎಪಿಯ ಲಾಭ ಕಮ್ಮಿಯಾಗುತ್ತದೆ ಎಂದು ಕೆಳಗೆ ಒಂದು ಸಾಲು ಸೇರಿಸುತ್ತೇನೆ.