‘ಫೀಲ್ ಆಯ್ತು’ ಅಂದರೆ ಏನಾಯ್ತು?

ಕೆಲಸ ಬಿಟ್ಟ ಹೆಣ್ಣುಮಕ್ಕಳ ಸಂದರ್ಶನಗಳನ್ನು ಕೇಳಿ ಬರೆದು, ಇಂಗ್ಲಿಷಿಗೆ ಅನುವಾದಿಸುವ ಕೆಲಸ ನನಗೆ ಬಂದಿತ್ತು. ಒಬ್ಬರು ಹೀಗೆ ಹೇಳಿದ್ದರು: ‘ಮ್ಯಾನೇಜರ್ ಹಂಗಂದಾಗ ನಂಗೆ ತುಂಬಾ ಫೀಲ್ ಆಯ್ತು, ಬಟ್ ಐ ಡಿಡ್ ನಾಟ್ ರಿಯಾಕ್ಟ್, ಸುಮ್ನೆ ಅಡ್ಜಸ್ಟ್ ಮಾಡ್ಕೊಂಡೆ.’

ಅರ್ಧ ಇಂಗ್ಲಿಷೇ ಇದೆಯಲ್ಲ, ಸಲೀಸು ಅಂದುಕೊಂಡೆ. ಇಂಗ್ಲಿಷ್ ಪದಗಳನ್ನು ಹಾಗೇ ಇಟ್ಟು ಕನ್ನಡದ್ದನ್ನಷ್ಟೇ ಅನುವಾದಿಸಿದೆ. ಕೊನೆಗೆ ‘ಐ ಅಡ್ಜಸ್ಟೆಡ್’ ಅಂತ ಬರೆದೆ. ಕನ್ನಡ ಬಾರದ ಸಂಶೋಧಕರು ಅದನ್ನೋದಿ, ಆಕೆ ಆಫೀಸಿಗೆ ಹೊಂದಿಕೊಂಡರು ಅಂತ ಗುರುತು ಹಾಕಿಕೊಂಡರು. ಆಕೆ ಹೇಳಿದ್ದು ಅವಮಾನ ನುಂಗಿಕೊಂಡ ಮಾತು!

ಆಮೇಲೆ ಆ ವಾಕ್ಯವನ್ನೇ ಬಿಡಿಸಿ ನೋಡಿದೆ. ‘ಐ ಡಿಡ್ ನಾಟ್ ರಿಯಾಕ್ಟ್’ ಪೂರ್ತಿ ಇಂಗ್ಲಿಷ್ ವ್ಯಾಕರಣದಲ್ಲಿದೆ. ಅದನ್ನು ಹಾಗೇ ಬಿಡಬಹುದು. ‘ಫೀಲ್’ ಮುಂದೆ ‘ಆಯ್ತು’ ಬಂದಿದೆ, ‘ಅಡ್ಜಸ್ಟ್’ ಮುಂದೆ ‘ಮಾಡ್ಕೊಂಡೆ’ ಬಂದಿದೆ. ಅಂದರೆ ಈ ಎರಡೂ ಪದ ಕನ್ನಡದ ಲೆಕ್ಕದಲ್ಲಿ ಓಡುತ್ತಿವೆ. ‘ನಂಗೆ ಫೀಲ್ ಆಯ್ತು’ ಅಂದರೆ ಬೇಜಾರಾಯ್ತು, ಮನಸ್ಸಿಗೆ ನೋವಾಯ್ತು. ಬರೀ ಅನಿಸಿದ್ದಲ್ಲ. ‘ಮಾಡ್ಕೊಂಡೆ’ಯಲ್ಲಿರುವ ‘ಕೊಳ್ಳು’ ಇನ್ನೂ ಮುಖ್ಯ. ಬೇರೆಯವರು ಬದಲಾಗಲಿಲ್ಲ, ನಾನೇ ತಗ್ಗಿದೆ ಅನ್ನುವ ದನಿ ಅದರದ್ದು. ‘ಸುಮ್ನೆ’ ಸೇರಿದ ಮೇಲೆ ಅನುಮಾನವೇ ಇಲ್ಲ. ಹಾಗಾಗಿ ‘ತುಂಬಾ ನೋವಾಯಿತು, ಆದರೂ ಎದುರಾಡದೆ ಸಹಿಸಿಕೊಂಡೆ’ ಅನ್ನುವ ಅರ್ಥ ಬರುವಂತೆ ಇಂಗ್ಲಿಷನ್ನು ತಿದ್ದಿದೆ.

ಅಂದಿನಿಂದ ‘ಮಾಡು’, ‘ಆಗು’ ಜೊತೆ ಬಂದ ಇಂಗ್ಲಿಷ್ ಪದವನ್ನು ಕನ್ನಡ ಪದ ಅಂತಲೇ ತಿಳಿದು ಅನುವಾದಿಸುತ್ತೇನೆ. ಎಷ್ಟೋ ಸಲ ಅರ್ಥ ಎರಡು ಭಾಷೆಯಲ್ಲೂ ಒಂದೇ ಇರುತ್ತದೆ. ಆದರೂ ಒಮ್ಮೆ ನಿಂತು ನೋಡುತ್ತೇನೆ.

ಕೇಳಿ ಬರೆಯುವಾಗ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಮೊದಲು ಇಂಗ್ಲಿಷ್ ಪದಗಳಿಗೆ ರೋಮನ್ ಲಿಪಿ ಬಳಸುತ್ತಿದ್ದೆ. ‘ಆಫೀಸಿಂದ’, ‘ಟೀಮಲ್ಲಿ’ ಬಂದಾಗ ಒಂದೇ ಪದದಲ್ಲಿ ಎರಡು ಲಿಪಿ ಅಂಟಿಕೊಂಡು ಓದಲು ಹಿಂಸೆಯಾಗುತ್ತಿತ್ತು. ಕನ್ನಡ ಲಿಪಿಯ ಕಾಟ ಬೇರೆ ಥರ: ಒಮ್ಮೆ ‘ಅಡ್ಜಸ್ಟ್’, ಇನ್ನೊಮ್ಮೆ ‘ಅಡ್ಜೆಸ್ಟ್’ ಬರೆದರೆ ಹುಡುಕುವಾಗ ಅರ್ಧ ತಪ್ಪಿಹೋಗುತ್ತದೆ. ಅದಕ್ಕೆ ಕಾಗುಣಿತದ ಪಟ್ಟಿಯೊಂದು ಪಕ್ಕದಲ್ಲಿರುತ್ತದೆ. ಪೂರ್ತಿ ಇಂಗ್ಲಿಷಿಗೆ ಹೊರಳಿದ ತುಂಡಿಗೆ ಮಾತ್ರ ಅಡಿಗೆರೆ ಹಾಕುತ್ತೇನೆ. ‘ಬಸ್’, ‘ಆಫೀಸ್’ಗೆಲ್ಲ ಹಾಕುತ್ತಾ ಕೂತರೆ ಪುಟದ ತುಂಬಾ ಗೆರೆಯೇ ಅಲ್ವಾ!

ಅನುವಾದದಲ್ಲೂ ಆ ತುಂಡನ್ನು ಓರೆ ಅಕ್ಷರದಲ್ಲಿ ಇಡುತ್ತೇನೆ. ಆಕೆ ನೋವನ್ನು ಕನ್ನಡದಲ್ಲಿ ಹೇಳಿ, ಸುಮ್ಮನಿದ್ದದ್ದನ್ನು ಇಂಗ್ಲಿಷಿನಲ್ಲಿ ಹೇಳಿದ್ದು ಓದುವವರಿಗೂ ಕಾಣಬೇಕು.

ಅದೇ ಸಂದರ್ಶನದಲ್ಲಿ ಇನ್ನೊಂದು ತೊಡಕಿತ್ತು. ಆಕೆ ಉದ್ದಕ್ಕೂ ‘ಮ್ಯಾನೇಜರ್ ಅಂದ್ರು, ಅವ್ರು ಬಂದ್ರು’ ಅಂತಲೇ ಹೇಳಿದ್ದರು. ಗೌರವದ ಬಹುವಚನದಲ್ಲಿ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ನಾನು ‘ಹಿ’ ಅಂತ ಬರೆದುಬಿಟ್ಟಿದ್ದೆ. ಸಂದರ್ಶನ ಮಾಡಿದವರನ್ನು ಕೇಳಿದರೆ, ಮ್ಯಾನೇಜರ್ ಹೆಂಗಸು.