ಇಂಜಿನಿಯರಿಂಗ್ ಅರ್ಧಕ್ಕೆ ನಿಂತಿತೇ? ಕಾಗದಪತ್ರದಿಂದ ಶುರು ಮಾಡಿ

ಬಿ.ಇ. ಬಿಟ್ಟು ಊರಿಗೆ ಬಂದ ಹುಡುಗನಿಗೆ ಮನೆಯವರು, ನೆಂಟರು, ಬೀದಿಯವರು ಎಲ್ಲರೂ ಕೇಳುವುದು ಒಂದೇ, ‘ಮುಂದೇನಪ್ಪಾ?’ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಮಾರ್ಕ್ಸ್ ಕಾರ್ಡ್ ಎಲ್ಲಿ? ಟಿ.ಸಿ. ಯಾರ ಹತ್ತಿರ ಇದೆ? ಸಾಲದ ಕಂತು ಯಾವಾಗ ಶುರು? ಇವಕ್ಕೆ ಉತ್ತರ ಸಿಗದೆ ಹೊಸ ಕೋರ್ಸಿಗೆ ದುಡ್ಡು ಕಟ್ಟಿದರೆ ಆರು ತಿಂಗಳಲ್ಲಿ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತೀರಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾವೇರಿ ಕಡೆಯ ಹುಡುಗ, ವಯಸ್ಸು ಇಪ್ಪತ್ತು. ಪಿಯು ಸೈನ್ಸ್‌ನಲ್ಲಿ ಶೇ 58. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ವಿಟಿಯು ಮೆಕ್ಯಾನಿಕಲ್. ಮೂರು ಸೆಮಿಸ್ಟರ್ ಮುಗಿಯುವಾಗ ಏಳು ಬ್ಯಾಕ್‌ಲಾಗ್, ಅಂದರೆ ಇನ್ನೂ ಪಾಸಾಗದ ಏಳು ವಿಷಯ. ಬ್ಯಾಂಕಿನಲ್ಲಿ ಎರಡು ಲಕ್ಷ ಸಾಲ. ನಾಲ್ಕನೇ ಸೆಮಿಸ್ಟರಿನ ಫೀಸು ಕಟ್ಟದೆ ಮನೆಗೆ ಬಂದಿದ್ದಾನೆ. ಕಾಲೇಜಿಗೆ ಬಿಟ್ಟೆ ಎಂದು ಹೇಳಿಲ್ಲ, ಬರುತ್ತೇನೆ ಎಂದೂ ಹೇಳಿಲ್ಲ.

ಫೇಲಾದದ್ದು ಎಲ್ಲಿ, ಮೊದಲು ನೋಡಿ

ಮೂರೂ ಸೆಮಿಸ್ಟರಿನ ರಿಸಲ್ಟ್ ಪ್ರಿಂಟ್ ತೆಗೆದು ಪಕ್ಕಪಕ್ಕ ಇಡಿ. ವಿಟಿಯು ರಿಸಲ್ಟಿನಲ್ಲಿ ಪ್ರತಿ ವಿಷಯದ ಮುಂದೆ ಇಂಟರ್ನಲ್, ಎಕ್ಸ್‌ಟರ್ನಲ್, ಒಟ್ಟು ಅಂಕ ಇರುತ್ತದೆ. ಕೊನೆಯಲ್ಲಿ ಒಂದು ಅಕ್ಷರ: P ಅಂದರೆ ಪಾಸು, F ಅಂದರೆ ಫೇಲು, A ಅಂದರೆ ಪರೀಕ್ಷೆಗೇ ಹೋಗಿಲ್ಲ. ಏಳು ಬ್ಯಾಕ್‌ಲಾಗ್ ಅಂದಾಗ ಏಳೂ ಒಂದೇ ಥರ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿರುವುದಿಲ್ಲ.

ನಮ್ಮ ಹುಡುಗನ ಹಾಳೆ ಹೀಗಿದೆ: ಮೂರು ಸೆಮಿಸ್ಟರಿನ ಗಣಿತವೂ F. ಫಿಸಿಕ್ಸ್ F. ಥರ್ಮೋಡೈನಮಿಕ್ಸ್ ಸೇರಿ ಇನ್ನು ಮೂರರ ಮುಂದೆ A. ಕ್ಯಾಡ್ ಡ್ರಾಯಿಂಗ್, ವರ್ಕ್‌ಶಾಪ್, ಲ್ಯಾಬುಗಳೆಲ್ಲ ಒಳ್ಳೆಯ ಅಂಕದಲ್ಲಿ ಪಾಸು. ಅಂದರೆ ಇವನಿಗೆ ಮೆಕ್ಯಾನಿಕಲ್ ಬೇಡವಾಗಿಲ್ಲ, ಗಣಿತ ಕೈ ಕೊಟ್ಟಿದೆ. ಆ ಮೂರು A ಬಂದದ್ದು ವಿಷಯ ಕಷ್ಟ ಎಂದಲ್ಲ, ಹೇಗಿದ್ದರೂ ಹೋಯಿತು ಎಂದು ಪರೀಕ್ಷೆಗೇ ಹೋಗದೆ ಕೂತದ್ದಕ್ಕೆ.

ಇಂಟರ್ನಲ್ ಅಂಕವನ್ನೂ ನೋಡಿ. ಅಲ್ಲಿ ಚೆನ್ನಾಗಿದ್ದು ಎಕ್ಸ್‌ಟರ್ನಲ್‌ನಲ್ಲಿ ಫೇಲಾಗಿದ್ದರೆ ಪಾಠ ತಲೆಗೆ ಹೋಗಿದೆ, ಮೂರು ಗಂಟೆ ಕೂತು ಬರೆಯುವ ಅಭ್ಯಾಸ ಇಲ್ಲ. ಇಂಟರ್ನಲ್ಲೇ ಕಡಿಮೆ ಇದ್ದರೆ ಕ್ಲಾಸಿಗೆ ಹೋಗಿಲ್ಲ, ಇಲ್ಲವೇ ಹೋದರೂ ಅರ್ಥವಾಗಿಲ್ಲ. ಮೊದಲನೆಯದಕ್ಕೆ ಕೋರ್ಸು ಬಿಡುವ ಅಗತ್ಯವೇ ಇಲ್ಲ.

ಇಲ್ಲೊಂದು ಮಾತು. ಇಯರ್ ಬ್ಯಾಕ್ ಆದರೆ, ಅಂದರೆ ಬ್ಯಾಕ್‌ಲಾಗ್‌ನಿಂದ ಒಂದು ವರ್ಷ ಹಿಂದೆ ಉಳಿದರೆ, ಕಥೆ ಮುಗಿಯಿತು ಎಂದು ಹಾಸ್ಟೆಲಿನಲ್ಲಿ ಹೇಳುತ್ತಾರೆ, ಅದು ಸುಳ್ಳು. ನಾಲ್ಕು ವರ್ಷದ ಬಿ.ಇ. ಮುಗಿಸಲು ವಿಟಿಯು ಎಂಟು ವರ್ಷದವರೆಗೆ ಅವಕಾಶ ಕೊಡುತ್ತದೆ. ಎರಡು ಮೂರು ಬ್ಯಾಕ್‌ಲಾಗ್ ಇದ್ದು, ಅದರಲ್ಲೂ A ಜಾಸ್ತಿ ಇದ್ದರೆ, ಮನೆಯಲ್ಲೇ ಒಂದು ವರ್ಷ ಓದಿ ಅವನ್ನು ತೆಗೆದು ವಾಪಸ್ ಹೋಗುವುದೇ ಎಲ್ಲಕ್ಕಿಂತ ಹತ್ತಿರದ ದಾರಿ. ಮೂರು ಸೆಮಿಸ್ಟರಿನಲ್ಲೂ ಗಣಿತ ಹೋಗಿರುವ ನಮ್ಮ ಹುಡುಗನಿಗೆ ಆ ಮಾತು ಹೇಳಲಾರೆ.

ಬಿಡುವುದಾದರೆ ಬರವಣಿಗೆಯಲ್ಲಿ ಬಿಡಿ

ಸುಮ್ನೆ ಹೋಗದೆ ಉಳಿಯುವುದು ಕೋರ್ಸು ಬಿಟ್ಟಂತಲ್ಲ. ಕಾಲೇಜಿನ ಲೆಕ್ಕದಲ್ಲಿ ನೀವಿನ್ನೂ ವಿದ್ಯಾರ್ಥಿ, ಫೀಸಿನ ಬಾಕಿ ಬೆಳೆಯುತ್ತಲೇ ಇರುತ್ತದೆ. ಪ್ರಿನ್ಸಿಪಾಲರ ಹೆಸರಿಗೆ ಒಂದು ಪುಟದ ಅರ್ಜಿ ಬರೆಯಿರಿ: ಯಾವ ತಾರೀಖಿನಿಂದ ಬಿಡುತ್ತಿದ್ದೀರಿ, ಯಾವ ಯಾವ ಕಾಗದ ವಾಪಸ್ ಬೇಕು. ಆಫೀಸಿನಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಅದೇ ಅರ್ಜಿಯನ್ನು ಇಮೇಲ್‌ನಲ್ಲೂ ಕಳುಹಿಸಿ.

ಬೇಕಾದ ಕಾಗದಗಳು: ಟಿ.ಸಿ., ಎಲ್ಲ ಸೆಮಿಸ್ಟರಿನ ಗ್ರೇಡ್ ಕಾರ್ಡ್, ಸೇರುವಾಗ ಕೊಟ್ಟ ಎಸ್ಸೆಸ್ಸೆಲ್ಸಿ ಮತ್ತು ಪಿಯು ಮೂಲ ಅಂಕಪಟ್ಟಿ. ಬೇರೆ ವಿಶ್ವವಿದ್ಯಾಲಯದ ಕಾಲೇಜಿಗೆ ಸೇರುವುದಾದರೆ ಮೈಗ್ರೇಷನ್ ಸರ್ಟಿಫಿಕೇಟ್ ಕೂಡ. ಪಿಯು ಟಿ.ಸಿ.ಯ ಡುಪ್ಲಿಕೇಟ್ ತಂದು, ಬಿ.ಇ.ಗೆ ಸೇರಿಯೇ ಇರಲಿಲ್ಲ ಎಂಬಂತೆ ಹೊಸ ಕಾಲೇಜಿಗೆ ಹೋಗು ಎಂದು ಸಲಹೆ ಕೊಡುವವರಿದ್ದಾರೆ. ಬೇಡ. ಹಳೆಯ ನೋಂದಣಿ ಯಾವತ್ತಾದರೂ ಹೊರಗೆ ಬರುತ್ತದೆ.

ಎಷ್ಟೋ ಕಡೆ ತಕರಾರು ಶುರುವಾಗುವುದು ಇಲ್ಲೇ. ‘ಉಳಿದ ವರ್ಷಗಳ ಫೀಸು ಕಟ್ಟಿ, ಆಮೇಲೆ ಸರ್ಟಿಫಿಕೇಟ್’ ಎನ್ನುತ್ತಾರೆ. ಇಂಜಿನಿಯರಿಂಗ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಎಐಸಿಟಿಇಯ ನಿಯಮದ ಪ್ರಕಾರ ಮಧ್ಯದಲ್ಲಿ ಬಿಟ್ಟ ವಿದ್ಯಾರ್ಥಿಯಿಂದ ಮುಂದಿನ ವರ್ಷಗಳ ಫೀಸು ಕೇಳುವ ಹಾಗಿಲ್ಲ, ಮೂಲ ದಾಖಲೆಗಳನ್ನು ಒತ್ತೆ ಇಟ್ಟುಕೊಳ್ಳುವ ಹಾಗೂ ಇಲ್ಲ. ನೀವು ಓದಿದ ಅವಧಿಯ ಬಾಕಿ ಇದ್ದರೆ ಅದನ್ನು ಕಟ್ಟಲೇಬೇಕು, ಅದು ಬೇರೆ ಮಾತು. ಜಗಳಕ್ಕೆ ಹೋಗಬೇಡಿ. ‘ಇದನ್ನೇ ಬರೆದು ಕೊಡಿ ಸರ್’ ಎಂದು ಕೇಳಿ. ಬರೆದು ಕೊಡುವುದು ಕಡಿಮೆ. ಆಗಲೂ ಸರ್ಟಿಫಿಕೇಟ್ ಕೊಡದಿದ್ದರೆ ಸೀಲು ಹಾಕಿಸಿದ ಅರ್ಜಿಯ ಪ್ರತಿ ಇಟ್ಟು ಎಐಸಿಟಿಇಗೆ ದೂರು ಕೊಡಿ, ವಿಟಿಯು ರಿಜಿಸ್ಟ್ರಾರ್‌ಗೂ ಒಂದು ಪ್ರತಿ ಹೋಗಲಿ.

ಸೇರಿದ ಕೆಲವೇ ವಾರದಲ್ಲಿ ಬಿಡುವವರಿಗೆ ಕಟ್ಟಿದ ಫೀಸಿನಲ್ಲಿ ಒಂದಷ್ಟು ವಾಪಸ್ ಸಿಗಬಹುದು. ಮೂರು ಸೆಮಿಸ್ಟರ್ ಆದ ಮೇಲೆ ಆ ಆಸೆ ಇಟ್ಟುಕೊಳ್ಳಬೇಡಿ.

ಬ್ಯಾಂಕಿಗೆ ನೀವೇ ಹೋಗಿ ಹೇಳಿ

ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷದ ಮೇಲೆ. ಕೋರ್ಸ್ ಬಿಟ್ಟರೆ ಆ ಲೆಕ್ಕ ಬದಲಾಗುತ್ತದೆ. ಹೇಳದೆ ಕೂತರೆ ಕಂತು ತಪ್ಪಿದ್ದು ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ಗೆ ಹೋಗುತ್ತದೆ, ಅಪ್ಪ ಸಹ ಸಾಲಗಾರರಾಗಿದ್ದರೆ ಅವರ ಹೆಸರಿಗೂ ತಗಲುತ್ತದೆ. ಮ್ಯಾನೇಜರ್ ಹತ್ತಿರ ಎರಡು ವಿಷಯ ಕೇಳಿ: ಇನ್ನೂ ಬಿಡುಗಡೆಯಾಗದ ಸಾಲ ನಿಲ್ಲಿಸಿ, ತೆಗೆದುಕೊಂಡ ಮೊತ್ತಕ್ಕೆ ಮಾತ್ರ ಕಂತು ಮಾಡಿಕೊಡುತ್ತೀರಾ? ಬೇರೆ ಮಾನ್ಯತೆ ಇರುವ ಕೋರ್ಸಿಗೆ ಸೇರಿದರೆ ಕಂತು ಮುಂದಕ್ಕೆ ಹೋಗುತ್ತದಾ? ಬ್ಯಾಂಕಿನಿಂದ ಬ್ಯಾಂಕಿಗೆ ಉತ್ತರ ಬೇರೆಯಾದೀತು. ಆದರೆ ಮೊದಲ ಕಂತು ತಪ್ಪುವ ಮುಂಚೆ ಹೋದವರ ಮಾತಿಗೆ ಇರುವ ಬೆಲೆ ತಪ್ಪಿದ ಮೇಲೆ ಹೋದವರಿಗೆ ಇರುವುದಿಲ್ಲ.

ಕೈಯಲ್ಲಿ ಉಳಿದದ್ದು ಏನು?

ಬಿ.ಇ. ಬಿಟ್ಟ ಮೇಲೆ ನೀವು ಕಾಗದದ ಮೇಲೆ ಪಿಯು ಸೈನ್ಸ್ ಪಾಸಾದವರು, ಅಷ್ಟೇ. ಕೇಳಲು ಬೇಜಾರು. ಆದರೆ ಆ ಪಿಯು ಅಂಕಪಟ್ಟಿಗೆ ಇರುವ ಬಾಗಿಲುಗಳನ್ನು ಬಿ.ಇ. ಓದುವಾಗ ಯಾರೂ ನೋಡಿರುವುದಿಲ್ಲ.

ನಮ್ಮ ಹುಡುಗನ ಮುಂದೆ ಮೂರು ದಾರಿ ಇವೆ. ಒಂದು, ಡಿಪ್ಲೊಮಾ. ಪಿಯು ಸೈನ್ಸ್ ಪಾಸಾದವರು ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷಕ್ಕೆ ಸೇರಬಹುದು, ಲ್ಯಾಟರಲ್ ಎಂಟ್ರಿ ಎನ್ನುತ್ತಾರೆ. ಇಪ್ಪತ್ತಕ್ಕೆ ಸೇರಿದರೆ ಇಪ್ಪತ್ತೆರಡಕ್ಕೆ ಮೆಕ್ಯಾನಿಕಲ್ ಡಿಪ್ಲೊಮಾ ಕೈಯಲ್ಲಿ. ಆಮೇಲೂ ಬಿ.ಇ. ಆಸೆ ಇದ್ದರೆ ಡಿಪ್ಲೊಮಾ ಮುಗಿಸಿದವರಿಗೆ ಕೆಇಎ ನಡೆಸುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಬಿ.ಇ.ಯಲ್ಲೇ ಉಳಿದಿದ್ದರೆ? ಬಾಕಿ ಐದು ಸೆಮಿಸ್ಟರಿಗೆ ಎರಡೂವರೆ ವರ್ಷ, ಏಳು ಬ್ಯಾಕ್‌ಲಾಗ್ ತೆಗೆಯಲು ಕನಿಷ್ಠ ಒಂದು ವರ್ಷ. ಇಪ್ಪತ್ಮೂರೂವರೆ ಆಗುತ್ತಿತ್ತು, ಅದೂ ಗಣಿತ ಪಾಸಾದರೆ. ಡಿಪ್ಲೊಮಾದಲ್ಲಿ ಬೇಗ ಒಂದು ಸರ್ಟಿಫಿಕೇಟ್ ಖಾತ್ರಿ. ಡ್ರಾಯಿಂಗ್, ವರ್ಕ್‌ಶಾಪ್ ಚೆನ್ನಾಗಿರುವ ಹುಡುಗನಿಗೆ ನಾನು ಮೊದಲು ಹೇಳುವುದು ಇದನ್ನೇ. ಒಂದು ಎಚ್ಚರಿಕೆ: ಮೊದಲ ವರ್ಷದ ಯಾವ ವಿಷಯವನ್ನಾದರೂ ಹೆಚ್ಚುವರಿಯಾಗಿ ಬರೆಯಬೇಕೇ ಎಂದು ಪಾಲಿಟೆಕ್ನಿಕ್‌ನಲ್ಲೇ ಕೇಳಿಕೊಂಡು ಸೇರಿ.

ಎರಡು, ಐಟಿಐ. ಮರ್ಯಾದೆ ಕಡಿಮೆ ಎಂದು ಮನೆಯಲ್ಲಿ ಮೂಗು ಮುರಿಯುವುದು ಜಾಸ್ತಿ. ಆದರೆ ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷದ ಟ್ರೇಡುಗಳು, ವೆಲ್ಡರ್ ಒಂದೇ ವರ್ಷ. ರೈಲ್ವೆಯ ಅಸಿಸ್ಟೆಂಟ್ ಲೋಕೊ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆ ಸೂಕ್ತ ಟ್ರೇಡಿನ ಐಟಿಐ ಇದ್ದರೆ ಅರ್ಜಿ ಹಾಕಬಹುದು, ಬರೀ ಪಿಯು ಇದ್ದರೆ ಆಗದು. ಐಟಿಐ ಮುಗಿಸಿ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದರೆ ಭತ್ಯೆಯೂ ಬರುತ್ತದೆ. apprenticeshipindia.gov.in ನಲ್ಲಿ ಹೆಸರು ನೋಂದಾಯಿಸಿದರೆ ಜಿಲ್ಲಾವಾರು ಹುಡುಕಬಹುದು.

ಮೂರು, ದೂರಶಿಕ್ಷಣದ ಡಿಗ್ರಿ ಜೊತೆಗೆ ಕೆಲಸ. ಸಾಲ ತೀರಿಸಲೇಬೇಕು, ಮನೆಯಲ್ಲಿ ಓದಿಸುವ ಶಕ್ತಿ ಇಲ್ಲ ಎಂದಾದರೆ ಇದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಅಥವಾ ಇಗ್ನೋದಲ್ಲಿ ಪಿಯು ಅಂಕಪಟ್ಟಿ ಮೇಲೆ ಬಿ.ಎ., ಬಿ.ಕಾಂ., ಬಿ.ಸಿ.ಎ. ಸೇರಬಹುದು. ಇಗ್ನೋದಲ್ಲಿ ಜನವರಿ, ಜುಲೈ ಎರಡು ಸಲ ಪ್ರವೇಶ, ಆದ್ದರಿಂದ ಡಿಸೆಂಬರಿನಲ್ಲಿ ಬಿಟ್ಟವರೂ ಜೂನ್‌ವರೆಗೆ ಕಾಯಬೇಕಿಲ್ಲ. ಮೂರು ವರ್ಷದ ಡಿಗ್ರಿಗೆ ಆರು ವರ್ಷದವರೆಗೆ ಸಮಯ. ಬಿ.ಸಿ.ಎ.ಯಲ್ಲೂ ಗಣಿತ ಇರುತ್ತದೆ, ಆದ್ದರಿಂದ ಈ ಹುಡುಗ ಕಣ್ಣು ಮುಚ್ಚಿ ಅದಕ್ಕೆ ಹಾರಬಾರದು.

ಈ ಮಧ್ಯೆ ಪಿಯು ಮೇಲೆಯೇ ಬರೆಯಬಹುದಾದ ಪರೀಕ್ಷೆಗಳಿವೆ: ಗ್ರಾಮ ಆಡಳಿತ ಅಧಿಕಾರಿ, ದ್ವಿತೀಯ ದರ್ಜೆ ಸಹಾಯಕ, ಪೊಲೀಸ್ ಕಾನ್‌ಸ್ಟೆಬಲ್, ಕೇಂದ್ರ ಸರ್ಕಾರದ ಗುಮಾಸ್ತ ಹುದ್ದೆಗಳಿಗೆ ಎಸ್‌ಎಸ್‌ಸಿ ನಡೆಸುವ ಸಿಎಚ್‌ಎಸ್‌ಎಲ್. ಬರೆಯಿರಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಯಾವ ವರ್ಷ ನೋಟಿಫಿಕೇಷನ್ ಬರುತ್ತದೆ ಎಂದು ಯಾರ ಕೈಯಲ್ಲೂ ಇಲ್ಲ.

ದುಡ್ಡು ಕಟ್ಟುವ ಮುಂಚೆ

ಬಿಟ್ಟ ಸುದ್ದಿ ಹಬ್ಬಿದೊಡನೆ ಫೋನು ಬರುತ್ತದೆ: ‘ಮೂರು ಸೆಮಿಸ್ಟರ್ ಆಗಿದೆಯಲ್ವಾ? ಪಾಸಾದ ವಿಷಯಗಳ ಕ್ರೆಡಿಟ್ ಹಾಕಿ ದೂರಶಿಕ್ಷಣದಲ್ಲಿ ಒಂದೇ ವರ್ಷಕ್ಕೆ ಬಿ.ಇ. ಕೊಡಿಸುತ್ತೇವೆ.’ ಇದರ ಮೇಲೆ ಜಾಸ್ತಿ ಯೋಚಿಸಬೇಕಿಲ್ಲ. ದೂರಶಿಕ್ಷಣದಲ್ಲಿ ಬಿ.ಇ. ಕೊಡಲು ಯುಜಿಸಿ ಅನುಮತಿಯೇ ಇಲ್ಲ. ಬೇರೆ ಡಿಗ್ರಿಗಾದರೆ deb.ugc.ac.in ತೆರೆದು ಆ ವಿಶ್ವವಿದ್ಯಾಲಯ, ಆ ಕೋರ್ಸು, ಈ ವರ್ಷ, ಮೂರೂ ಇವೆಯೇ ನೋಡಿ. ವಿಶ್ವವಿದ್ಯಾಲಯದ ಹೆಸರು ಇದ್ದು ಕೋರ್ಸಿನ ಹೆಸರು ಇಲ್ಲದಿದ್ದರೆ ಅದು ಇಲ್ಲ ಎಂದೇ ಅರ್ಥ. ಹಳೆಯ ಕ್ರೆಡಿಟ್ ಸೇರಿಸಿಕೊಳ್ಳುತ್ತೇವೆ ಎಂದರೆ ಎಷ್ಟು, ಯಾವ ವಿಷಯದ್ದು ಎಂದು ವಿಶ್ವವಿದ್ಯಾಲಯವೇ ಬರೆದು ಕೊಡಬೇಕು, ಏಜೆಂಟ್ ಅಲ್ಲ. ಫೀಸು ಏಜೆಂಟನ ಖಾತೆಗೆ, ಫೋನ್ ಪೇ ನಂಬರಿಗೆ ಕಳಿಸಿ ಎಂದರೆ ಅಲ್ಲಿಗೇ ಬಿಟ್ಟುಬಿಡಿ.

ಅರ್ಜಿಯಲ್ಲಿ ಏನು ಬರೆಯುವುದು?

ಖಾಸಗಿ ಕೆಲಸದ ರೆಸ್ಯುಮೆಯಲ್ಲಿ ಒಂದೂವರೆ ವರ್ಷ ಖಾಲಿ ಬಿಟ್ಟರೆ ಪ್ರಶ್ನೆ ಬಂದೇ ಬರುತ್ತದೆ. ಒಂದು ಸಾಲು ಸಾಕು: ‘ಬಿ.ಇ. ಮೆಕ್ಯಾನಿಕಲ್, ಮೂರು ಸೆಮಿಸ್ಟರ್, ಪೂರ್ಣಗೊಂಡಿಲ್ಲ. ಕ್ಯಾಡ್ ಡ್ರಾಯಿಂಗ್ ಮತ್ತು ವರ್ಕ್‌ಶಾಪ್ ಪಾಸು.’ ಇಂಟರ್‌ವ್ಯೂನಲ್ಲಿ ಕೇಳಿದರೆ ಗಣಿತ ಆಗಲಿಲ್ಲ, ಡಿಪ್ಲೊಮಾಗೆ ಬಂದೆ ಎಂದು ಹೇಳಿ ಮುಂದಕ್ಕೆ ಹೋಗಿ, ಕಾಲೇಜನ್ನು ಬೈಯುತ್ತಾ ಕೂರಬೇಡಿ. ಸರ್ಕಾರಿ ಅರ್ಜಿಯಲ್ಲಿ ವಿದ್ಯಾರ್ಹತೆ ಕಾಲಂನಲ್ಲಿ ಪೂರ್ತಿಯಾದದ್ದನ್ನು ಮಾತ್ರ ತುಂಬಿ. ಅರ್ಧ ಆದ ಬಿ.ಇ.ಯನ್ನು ಡಿಗ್ರಿ ಎಂದು ತೋರಿಸಿದರೆ ದಾಖಲಾತಿ ಪರಿಶೀಲನೆಯ ದಿನ ಹೆಸರು ಹೊಡೆದು ಹಾಕುತ್ತಾರೆ.