ಹಬ್ಬಕ್ಕೆ ಮುಂಚೆ ಓಡಿ ಲಿಮಿಟ್ ಹೆಚ್ಚಿಸಬೇಕಾ? ಬ್ಯಾಂಕಿಗೆ ಪತ್ರ ಹೀಗೆ ಬರೆಯಿರಿ

"ಹಬ್ಬದ ಸೀಸನ್ ಬರುತ್ತಿದೆ, ವ್ಯಾಪಾರ ಜಾಸ್ತಿ ಆಗುತ್ತದೆ, ದಯವಿಟ್ಟು ನಮ್ಮ ಓಡಿ ಲಿಮಿಟ್ ಹೆಚ್ಚಿಸಿಕೊಡಿ." ಓಡಿ ಅಂದರೆ ಓವರ್‌ಡ್ರಾಫ್ಟ್, ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಲಿಮಿಟ್‌ವರೆಗೆ ತೆಗೆಯಬಹುದಾದ ಸಾಲ. ಸಣ್ಣ ವ್ಯಾಪಾರಿಗಳು ಬ್ಯಾಂಕಿಗೆ ಕೊಡುವ ಪತ್ರದಲ್ಲಿ ಎಷ್ಟೋ ಸಲ ಇರುವುದು ಇಷ್ಟೇ. ಮ್ಯಾನೇಜರ್ ಓದಿ ಪಕ್ಕಕ್ಕಿಡುತ್ತಾರೆ. ಅವರಿಗೆ ಕೊಡುವ ಮನಸ್ಸಿಲ್ಲ ಅಂತಲ್ಲ. ಎಷ್ಟು ಬೇಕು, ಎಷ್ಟು ದಿನಕ್ಕೆ ಬೇಕು, ಯಾವ ದುಡ್ಡಿನಿಂದ ವಾಪಸ್ ಕಟ್ಟುತ್ತೀರಿ ಅನ್ನುವುದು ಪತ್ರದಲ್ಲಿ ಇಲ್ಲದಿದ್ದರೆ ಅವರು ಮಂಜೂರಾತಿ ಟಿಪ್ಪಣಿಯಲ್ಲಿ ಏನಂತ ಬರೆಯಬೇಕು ಹೇಳಿ?

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮಗೆ ವರ್ಷವಿಡೀ ದೊಡ್ಡ ಲಿಮಿಟ್ ಬೇಕಾ, ಇಲ್ಲಾ ಹಬ್ಬದ ಮೂರು ತಿಂಗಳಿಗೆ ಮಾತ್ರವಾ? ಕಾಯಂ ಆಗಿ ಹೆಚ್ಚಿಸಬೇಕು ಅಂದರೆ ಬ್ಯಾಂಕ್ ನಿಮ್ಮ ಇಡೀ ಫೈಲನ್ನು ಹೊಸದಾಗಿ ನೋಡುತ್ತದೆ. ಬ್ಯಾಲೆನ್ಸ್ ಶೀಟ್, ಮುಂದಿನ ವರ್ಷದ ಅಂದಾಜು, ಅಡಮಾನ, ಎಲ್ಲವನ್ನೂ. ಸೀಸನ್‌ಗೆ ಮಾತ್ರ ಅಂದರೆ 'ಅಡ್‌ಹಾಕ್ ಲಿಮಿಟ್' ಅಂತ ಕೇಳಬಹುದು. ಅಂದರೆ ಈಗಿರುವ ಲಿಮಿಟ್ ಮೇಲೆ ಸ್ವಲ್ಪ ಕಾಲಕ್ಕೆ ಸಿಗುವ ಹೆಚ್ಚುವರಿ ಮೊತ್ತ. ನನ್ನ ಪ್ರಕಾರ ಹಬ್ಬದ ಸರಕಿಗೆ ಇದೇ ಸರಿ. ಕೆಲವು ಬ್ಯಾಂಕುಗಳು ಇದಕ್ಕೆ ಬಡ್ಡಿ ತುಸು ಜಾಸ್ತಿ ಹಾಕುತ್ತವೆ, ಅದನ್ನು ಮೊದಲೇ ಕೇಳಿಕೊಳ್ಳಿ.

ಈಗ ಎಷ್ಟು ಕೇಳಬೇಕು ಅನ್ನುವ ಲೆಕ್ಕ. ಇಲ್ಲಿ ಅಂದಾಜಿನ ಮಾತು ನಡೆಯುವುದಿಲ್ಲ. ಒಂದು ಬಟ್ಟೆ ಅಂಗಡಿಯನ್ನೇ ತೆಗೆದುಕೊಳ್ಳೋಣ. ಈಗಿನ ಓಡಿ 10 ಲಕ್ಷ ರೂ., ಅದು ಹೆಚ್ಚುಕಡಿಮೆ ಪೂರ್ತಿ ಬಳಕೆಯಲ್ಲಿದೆ. ಹಬ್ಬಕ್ಕೆ 8 ಲಕ್ಷದ ಹೆಚ್ಚುವರಿ ಸರಕು ತುಂಬಬೇಕು. ಅದರಲ್ಲಿ 2 ಲಕ್ಷದ ಮಾಲನ್ನು ಹೋಲ್‌ಸೇಲ್‌ನವರು ಉದ್ರಿ ಕೊಡುತ್ತಾರೆ. ಇನ್ನು 2 ಲಕ್ಷ ಸ್ವಂತ ಕೈಯಿಂದ ಹಾಕಬಹುದು. ಉಳಿದದ್ದು 4 ಲಕ್ಷ. ಬ್ಯಾಂಕಿಗೆ ಕೇಳಬೇಕಾದ್ದು ಅಷ್ಟೇ, 8 ಅಲ್ಲ. "ಎಂಟು ಕೇಳಿದರೆ ನಾಲ್ಕಾದರೂ ಕೊಡುತ್ತಾರೆ" ಅಂತ ಚೌಕಾಸಿ ಮಾಡಲು ಹೋಗಬೇಡಿ. ಲೆಕ್ಕ ಕೂಡದ ಮೊತ್ತ ಕಂಡ ಕೂಡಲೇ ಓದುವವರಿಗೆ ಉಳಿದ ಅಂಕಿಗಳ ಮೇಲೂ ನಂಬಿಕೆ ಹೋಗುತ್ತದೆ.

ಮುಂದಿನದು ಬಹಳ ಜನ ಎಡವುವ ಜಾಗ, ಡ್ರಾಯಿಂಗ್ ಪವರ್. ಸರಕಿನ ಆಧಾರದ ಮೇಲೆ ಕೊಟ್ಟ ಓಡಿಯಲ್ಲಿ ಲಿಮಿಟ್ ಎಷ್ಟೇ ಇರಲಿ, ನೀವು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ಪ್ರಕಾರ ಎಷ್ಟಾಗುತ್ತದೋ ಅಷ್ಟನ್ನೇ ತೆಗೆಯಬಹುದು. (ಮನೆ, ಜಾಗ ಅಥವಾ ಠೇವಣಿ ಇಟ್ಟು ಪಡೆದ ಓಡಿಗೆ ಲೆಕ್ಕ ಬೇರೆ.) ಸರಕಿಗೆ ಗಿರಾಕಿಗಳಿಂದ ಬರಬೇಕಾದ ಬಾಕಿ ಸೇರಿಸುತ್ತಾರೆ. ಮಾಲು ಕೊಟ್ಟವರಿಗೆ ನೀವು ಕೊಡಬೇಕಾದ್ದನ್ನು ಕಳೆಯುತ್ತಾರೆ. ಉಳಿದದ್ದರಲ್ಲಿ ಮಾರ್ಜಿನ್ ಹಿಡಿಯುತ್ತಾರೆ, ಎಷ್ಟು ಅಂತ ನಿಮ್ಮ ಮಂಜೂರಾತಿ ಪತ್ರದಲ್ಲಿ ಇರುತ್ತದೆ. ನಮ್ಮ ಬಟ್ಟೆ ಅಂಗಡಿಗೆ ಶೇ 25 ಅಂತ ಇಟ್ಟುಕೊಳ್ಳೋಣ. ಹಬ್ಬದ ಮಾಲು ಬಂದ ಮೇಲೆ ಸರಕು 22 ಲಕ್ಷ, ಬರಬೇಕಾದ್ದು 2 ಲಕ್ಷ, ಕೊಡಬೇಕಾದ್ದು 4 ಲಕ್ಷ. ಉಳಿದದ್ದು 20 ಲಕ್ಷ, ಅದರಲ್ಲಿ ಕಾಲು ಭಾಗ ತೆಗೆದರೆ 15 ಲಕ್ಷ. ಕೇಳುತ್ತಿರುವ ಒಟ್ಟು ಲಿಮಿಟ್ 14 ಲಕ್ಷ, ಅಂದರೆ ಲೆಕ್ಕ ಕೂಡುತ್ತದೆ. ಆದರೆ ಇದೇ ಅಂಗಡಿಯವರು ಎಂಟು ಲಕ್ಷದ ಮಾಲನ್ನೂ ಪೂರ್ತಿ ಉದ್ರಿ ತಂದಿದ್ದರೆ? ಗೋಡೌನ್ ತುಂಬಿರುತ್ತದೆ, ಡ್ರಾಯಿಂಗ್ ಪವರ್ ಮಾತ್ರ ಒಂದು ರೂಪಾಯಿಯೂ ಏರುವುದಿಲ್ಲ. ದುಡ್ಡು ಕೊಡದ ಮಾಲಿನ ಮೇಲೆ ಬ್ಯಾಂಕ್ ಸಾಲ ಕೊಡುವುದಿಲ್ಲ.

ಪತ್ರ ಬರೆಯುವ ಮೊದಲು ಹಿಂದಿನ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದು ಬ್ಯಾಂಕಿನವರ ಕಣ್ಣಿಂದ ಒಮ್ಮೆ ನೋಡಿ. ಚೆಕ್ ವಾಪಸ್ ಆಗಿದೆಯಾ? ಸ್ಟಾಕ್ ಸ್ಟೇಟ್‌ಮೆಂಟ್ ಯಾವ ತಿಂಗಳಾದರೂ ತಪ್ಪಿದೆಯಾ? ಇನ್ನೊಂದು ಇದೆ, ಇತ್ತೀಚೆಗೆ ಬಹಳ ಅಂಗಡಿಗಳಲ್ಲಿ ನೋಡುತ್ತೇನೆ. ಗಲ್ಲಾ ಮುಂದೆ ಅಂಟಿಸಿದ ಕ್ಯೂಆರ್ ಕೋಡ್ ಮಾಲೀಕರ ಉಳಿತಾಯ ಖಾತೆಗೋ ಮಗನ ಖಾತೆಗೋ ಜೋಡಿಸಿರುತ್ತದೆ. ದಿನದ ವ್ಯಾಪಾರದ ಅರ್ಧ ದುಡ್ಡು ಅಲ್ಲಿಗೇ ಹೋಗುತ್ತದೆ. ಜಿಎಸ್‌ಟಿ ರಿಟರ್ನ್‌ನಲ್ಲಿ 66 ಲಕ್ಷದ ವಹಿವಾಟು, ಓಡಿ ಖಾತೆಗೆ ಬಂದದ್ದು 35 ಲಕ್ಷ ಅಂತಾದರೆ ಮ್ಯಾನೇಜರ್ ಕೇಳೇ ಕೇಳುತ್ತಾರೆ. ಇವತ್ತೇ ಆ ಕೋಡ್ ಬದಲಿಸಿ, ಓಡಿ ಖಾತೆಗೆ ಜೋಡಿಸಿ.

ಸರಕಿಗೆ ಆರ್ಡರ್ ಕೊಡುವ ದಿನಕ್ಕಿಂತ ಆರೇಳು ವಾರ ಮುಂಚೆಯೇ ಪತ್ರ ಕೊಡುವುದು ಒಳ್ಳೆಯದು. ಪತ್ರ ಒಂದು ಪುಟ ಸಾಕು. ನಮ್ಮ ಅಂಗಡಿಯವರ ಪತ್ರ ಹೀಗಿರಬಹುದು:

"ಮಾನ್ಯ ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ಓಡಿ ಖಾತೆ ಸಂಖ್ಯೆ ……… ಕ್ಕೆ ಸೆಪ್ಟೆಂಬರ್ 1ರಿಂದ ನವೆಂಬರ್ 30ರವರೆಗೆ 4 ಲಕ್ಷ ರೂ. ಅಡ್‌ಹಾಕ್ ಲಿಮಿಟ್ ಕೋರಿ.

ನಮ್ಮ ಖಾತೆಗೆ ಈಗ 10 ಲಕ್ಷ ರೂ. ಲಿಮಿಟ್ ಇದೆ. ಹಬ್ಬದ ವ್ಯಾಪಾರಕ್ಕೆ 8 ಲಕ್ಷ ರೂ. ಹೆಚ್ಚುವರಿ ಸರಕು ಖರೀದಿಸಬೇಕಿದೆ. ಇದರಲ್ಲಿ 2 ಲಕ್ಷ ಸ್ವಂತ ಹಣ, 2 ಲಕ್ಷ ಮಾರಾಟಗಾರರ ಉದ್ರಿ. ಉಳಿದ 4 ಲಕ್ಷಕ್ಕಾಗಿ ಈ ಕೋರಿಕೆ.

ಕಳೆದ ವರ್ಷ ಸಾಮಾನ್ಯ ತಿಂಗಳಲ್ಲಿ ನಮ್ಮ ಮಾರಾಟ ಸುಮಾರು 5 ಲಕ್ಷ ಇತ್ತು. ಅಕ್ಟೋಬರ್‌ನಲ್ಲಿ 11 ಲಕ್ಷ, ನವೆಂಬರ್‌ನಲ್ಲಿ 8 ಲಕ್ಷ ಆಯಿತು. ಈ ವರ್ಷದ ಮಾರಾಟದಿಂದ ಅಕ್ಟೋಬರ್ 31ರೊಳಗೆ 2 ಲಕ್ಷ, ನವೆಂಬರ್ 30ರೊಳಗೆ ಉಳಿದ 2 ಲಕ್ಷ ಕಟ್ಟುತ್ತೇವೆ. ಮಾರಾಟದ ಹಣವೆಲ್ಲ ಇದೇ ಖಾತೆಗೆ ಬರುತ್ತದೆ.

ಸರಕು ಬಂದ ಮೇಲಿನ ಡ್ರಾಯಿಂಗ್ ಪವರ್ 15 ಲಕ್ಷ ಆಗುತ್ತದೆ, ಲೆಕ್ಕ ಲಗತ್ತಿಸಿದ್ದೇನೆ. ಜೊತೆಗೆ ಇತ್ತೀಚಿನ ಸ್ಟಾಕ್ ಸ್ಟೇಟ್‌ಮೆಂಟ್, 12 ತಿಂಗಳ ಜಿಎಸ್‌ಟಿ ರಿಟರ್ನ್, ಮಾರಾಟಗಾರರ ಕೊಟೇಶನ್ ಇವೆ.

ಇಂತಿ ತಮ್ಮ ವಿಶ್ವಾಸಿ."

ಈ ಪತ್ರದಲ್ಲಿ ಜೀವ ಇರುವುದು 'ಕಳೆದ ವರ್ಷ' ಅಂತ ಶುರುವಾಗುವ ಪ್ಯಾರಾದಲ್ಲಿ. ಹಳೆಯ ವರ್ಷದ ತಿಂಗಳವಾರು ಮಾರಾಟ ಮತ್ತು ಕಟ್ಟುವ ತಾರೀಖು. ಆ ಅಂಕಿಗಳು ಜಿಎಸ್‌ಟಿ ರಿಟರ್ನ್ ಜೊತೆ ಹೊಂದಲೇಬೇಕು, ಯಾಕೆಂದರೆ ಅವರು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುತ್ತಾರೆ. ಖಾತೆಯಲ್ಲಿ ಏನಾದರೂ ಕಪ್ಪು ಚುಕ್ಕೆ ಇದ್ದರೆ, ಉದಾಹರಣೆಗೆ ಒಂದು ಚೆಕ್ ವಾಪಸ್ ಆಗಿದ್ದರೆ, ಅವರು ಹುಡುಕಿ ಕೇಳುವ ಮೊದಲೇ ಒಂದು ಸಾಲಿನಲ್ಲಿ ಕಾರಣ ಬರೆದುಬಿಡಿ.

ಪತ್ರದ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ಮಂಜೂರಾತಿ ಬರವಣಿಗೆಯಲ್ಲಿ ಕೈಗೆ ಬರುವ ತನಕ ಹೋಲ್‌ಸೇಲ್‌ನವರಿಗೆ ಮುಂದಿನ ತಾರೀಖಿನ ಚೆಕ್ ಕೊಡಬೇಡಿ. "ಆಗುತ್ತೆ ಬಿಡಿ" ಅನ್ನುವ ಬಾಯಿಮಾತು ನಂಬಿ ಚೆಕ್ ಕೊಟ್ಟು, ಅದು ವಾಪಸ್ ಆದರೆ ಇಡೀ ಕೋರಿಕೆಗೇ ಪೆಟ್ಟು. 4 ಲಕ್ಷ ಕೇಳಿದ್ದಕ್ಕೆ 3 ಕೊಟ್ಟರೆ ಆರ್ಡರನ್ನೂ ಒಂದು ಲಕ್ಷದಷ್ಟು ಇಳಿಸಿ.

ದುಡ್ಡು ಬಂದ ಮೇಲೆ ನೆನಪಿಡಬೇಕಾದ ತಾರೀಖು ನವೆಂಬರ್ 30. ಅಡ್‌ಹಾಕ್ ಲಿಮಿಟ್ ಮಂಜೂರಾದ ದಿನದಿಂದ 180 ದಿನದೊಳಗೆ ಅದು ಮುಗಿಯಬೇಕು ಅಥವಾ ಪರಿಶೀಲನೆಯಾಗಿ ನವೀಕರಣ ಆಗಬೇಕು, ಇಲ್ಲದಿದ್ದರೆ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ. ಮಾಲು ಅಂದುಕೊಂಡಷ್ಟು ಓಡದಿದ್ದರೆ ನವೆಂಬರ್ ಮಧ್ಯದಲ್ಲೇ ಗೊತ್ತಾಗುತ್ತದೆ, ಅಲ್ವಾ? ಆಗಲೇ ಶಾಖೆಗೆ ಹೋಗಿ, ಉಳಿದ ಸರಕಿನ ಪಟ್ಟಿ ತೋರಿಸಿ, ಇನ್ನೆಷ್ಟು ದಿನ ಬೇಕು ಅಂತ ಇನ್ನೊಂದು ಪತ್ರ ಕೊಡಿ.